ರಾತ್ರಿ ಎರಡು ಗಂಟೆಯ ನೀರು

ಪಕ್ಕದ ಮನೆಯ ಟ್ಯಾಂಕ್ ಮತ್ತೆ ತುಂಬಿ ಹರಿಯುತ್ತಿತ್ತು. ರಾತ್ರಿ ಎರಡು ಗಂಟೆ. ನಿವೃತ್ತ ಎಂಜಿನಿಯರ್ ರಾಯರು ಟಾರ್ಚ್ ಹಿಡಿದು ಹೊರಟರು. ನಿದ್ದೆಯಂತೂ ಬರುವುದಿಲ್ಲ, ಅಲ್ವಾ?

"ವಾಲ್ವ್ ಸರಿಯಾಗಿದೆ ಸಾರ್, ಪ್ಲಂಬರ್ ಎರಡು ಸಲ ನೋಡಿದ್ದಾನೆ," ಎಂದರು ಸುಶೀಲಮ್ಮ.

"ಹಗಲು ನೋಡಿದ್ದಾನೆ ತಾನೇ?"

ರಾಯರು ಏಣಿ ಹತ್ತಿದರು. ಮಂಡಿ ಕಟಕಟ ಎಂದಿತು. ಟ್ಯಾಂಕಿನೊಳಗೆ ವಾಲ್ವ್ ಮುಚ್ಚುವ ತೇಲುವ ಚೆಂಡು ಪೂರ್ತಿ ಮೇಲೆದ್ದಿತ್ತು. ಆದರೂ ವಾಲ್ವಿನ ಬಾಯಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು. ಕೆಳಗಿಳಿದು ಅಂಗಳದ ನಲ್ಲಿಗೆ ಗೇಜ್ ಸಿಕ್ಕಿಸಿದರು. ಸಂಜೆ 1 ಬಾರ್ ತೋರಿಸಿದ್ದ ಮುಳ್ಳು ಈಗ 3ರ ಹತ್ತಿರ!

"ರಾತ್ರಿ ಯಾರೂ ನೀರು ಬಳಸಲ್ಲಮ್ಮ. ಪೈಪಿನಲ್ಲಿ ಒತ್ತಡ ಜಾಸ್ತಿಯಾಗುತ್ತೆ. ನಿಮ್ಮ ವಾಷರ್ ಹಗಲಿನ ಒತ್ತಡ ತಡೆಯುತ್ತೆ, ಇದನ್ನ ತಡೆಯಲ್ಲ."

ಮುಖ್ಯ ವಾಲ್ವ್ ನಿಲ್ಲಿಸಿ, ಟ್ಯಾಂಕಿನ ವಾಲ್ವ್ ಬಿಚ್ಚಿ ವಾಷರ್ ತೋರಿಸಿದರು. ರಬ್ಬರಿನ ಮೇಲೆ ಉಂಗುರದಂಥ ಆಳವಾದ ಗುರುತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ತುಂಡು!

ಬೆಳಿಗ್ಗೆ ಹೊಸ ವಾಷರ್ ಬಂತು.

ಮರುರಾತ್ರಿ ಎರಡಕ್ಕೆ ರಾಯರಿಗೆ ಎಚ್ಚರವಾಯಿತು. ಹೊರಗೆ ಒಂದು ಹನಿಯ ಸದ್ದೂ ಇಲ್ಲ. ಸುಮ್ನೆ ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿದ್ದರು. ಆಮೇಲೆ ಎದ್ದು, ತಮ್ಮದೇ ಟ್ಯಾಂಕ್ ನೋಡಲು ಟಾರ್ಚ್ ಹುಡುಕಿದರು.