ದುಡಿಯುವ ನಾಯಿಗಳು: ಕೆಲಸ ಮತ್ತು ತರಬೇತಿ

ವಿಜ್ಞಾನ ಯೋಜನಾ ವರದಿ, 9ನೇ ತರಗತಿ, ನಾಲ್ವರು ವಿದ್ಯಾರ್ಥಿಗಳ ತಂಡ, ಮಡಿಕೇರಿ ತಾಲ್ಲೂಕು

ಕಾಫಿ ತೋಟದ ನಾಯಿಗೆ ಬೊಗಳುವುದನ್ನು ಯಾರೂ ಕಲಿಸುವುದಿಲ್ಲ, ಅದು ಹುಟ್ಟುಗುಣ. ದುಡಿಯುವ ನಾಯಿಯ ತರಬೇತಿಯೂ ಹುಟ್ಟುಗುಣದ ಮೇಲೆಯೇ ನಿಂತಿದೆ. ಯಾವ ಗುಣವನ್ನು ಬೆಳೆಸಬೇಕು, ಯಾವುದಕ್ಕೆ ಕಡಿವಾಣ ಹಾಕಬೇಕು ಎಂಬುದು ಮಾತ್ರ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ.

ಶೋಧ ನಾಯಿ

2018ರ ಆಗಸ್ಟ್‌ನಲ್ಲಿ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಹಾಗಾಗಿ ಈ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. 2023ರ ಟರ್ಕಿ ಭೂಕಂಪದಲ್ಲಿ ಅವಶೇಷಗಳಡಿ ಸಿಲುಕಿದ್ದ ಆರು ವರ್ಷದ ಹುಡುಗಿಯ ಸುಳಿವು ಕೊಟ್ಟದ್ದು ನಮ್ಮ ದೇಶದ ವಿಪತ್ತು ಸ್ಪಂದನಾ ಪಡೆಯಾದ ಎನ್‌ಡಿಆರ್‌ಎಫ್‌ನ ಲ್ಯಾಬ್ರಡಾರ್ ಜೂಲಿ.

ಇಲ್ಲಿ ಬೆಳೆಸುವುದು ಆಟದ ಹುಚ್ಚನ್ನು. ಮೊದಲು ಸಹಾಯಕನೊಬ್ಬ ಆಟಿಕೆ ಹಿಡಿದು ನಾಯಿಯ ಕಣ್ಣೆದುರೇ ಓಡಿ ಅಡಗುತ್ತಾನೆ. ನಾಯಿ ಬಂದು ಬೊಗಳಿದ ಕೂಡಲೇ ಅವನೇ ಆಟಿಕೆ ಕೊಟ್ಟು ಆಡಿಸುತ್ತಾನೆ. ಆಮೇಲೆ ಕಾಣದಂತೆ ಅಡಗುವುದು, ಕೊನೆಗೆ ಪೈಪು ಅಥವಾ ಮುಚ್ಚಿದ ಗುಂಡಿಯೊಳಗೆ. ಒಬ್ಬನೇ ವ್ಯಕ್ತಿ ಒಂದೇ ಜಾಗದಲ್ಲಿ ಅಡಗುತ್ತಿದ್ದರೆ ನಾಯಿ ಮೂಗು ಬಿಟ್ಟು ನೆನಪಿನಿಂದ ಹುಡುಕುತ್ತದೆ. ತರಬೇತುದಾರನಿಗೆ ಜಾಗ ಗೊತ್ತಿದ್ದರೆ ಅವನ ನೋಟ, ನಡಿಗೆಯಿಂದಲೇ ಅದು ಉತ್ತರ ತಿಳಿದುಕೊಳ್ಳುತ್ತದೆ. ಆದ್ದರಿಂದ ಮುಂದಿನ ಹಂತಗಳಲ್ಲಿ ಅವನಿಗೂ ಜಾಗ ಹೇಳುವುದಿಲ್ಲ.

ಒದ್ದೆ ಮಣ್ಣು ಇನ್ನೂ ಕಷ್ಟ. ಕೆಸರು ವಾಸನೆಯನ್ನು ಒಳಗೇ ಹಿಡಿದಿಡುತ್ತದೆ. ಸರಳಿನಿಂದ ಅಲ್ಲಲ್ಲಿ ತೂತು ಕೊರೆದು, ವಾಸನೆ ಮೇಲೆ ಬರಲು ಸ್ವಲ್ಪ ಹೊತ್ತು ಬಿಟ್ಟು, ಗಾಳಿಗೆ ಎದುರಾಗಿ ನಾಯಿಯನ್ನು ನಡೆಸುತ್ತಾರೆ. ಇಳಿಜಾರಿನಲ್ಲಿ ನೀರು ವಾಸನೆಯನ್ನು ಕೆಳಕ್ಕೆ ಒಯ್ಯುವುದರಿಂದ ನಾಯಿ ಬೊಗಳಿದ ಜಾಗದ ಮೇಲ್ಭಾಗವನ್ನೂ ಪರೀಕ್ಷಿಸಬೇಕು. ದಣಿದು ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಅದಕ್ಕೇ ಸರದಿ ಬದಲಿಸುತ್ತಾರೆ.

ಮಾರ್ಗದರ್ಶಿ ನಾಯಿ

ಕಣ್ಣು ಕಾಣದವರನ್ನು ನಡೆಸುವ ಈ ನಾಯಿಗೆ ಬೇಕಾದದ್ದು ಸಂಯಮ. ಸುಮಾರು 8 ವಾರದ ಮರಿಯನ್ನು ಸಾಕುಮನೆಗೆ ಕೊಡುತ್ತಾರೆ. ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು, ಸಂತೆ, ಮೆಟ್ಟಿಲು ಎಲ್ಲವೂ ಅದಕ್ಕೆ ಅಭ್ಯಾಸವಾಗಬೇಕು. ನಂತರ ಕೆಲವು ತಿಂಗಳು ಹಿಡಿಕೆಯಿರುವ ಪಟ್ಟಿ ತೊಡಿಸಿ ರಸ್ತೆಯಂಚಿನಲ್ಲಿ ನಿಲ್ಲುವುದು, ಅಡ್ಡಿಗಳನ್ನು ಬಳಸಿ ಹೋಗುವುದನ್ನು ಕಲಿಸುತ್ತಾರೆ. ಬಾಗಿದ ಕೊಂಬೆಯಡಿ ನಾಯಿ ಸಲೀಸಾಗಿ ನುಸುಳುತ್ತದೆ, ಮನುಷ್ಯನ ಹಣೆಗೆ ಬಡಿಯುತ್ತದೆ. ಜೊತೆಗಿರುವವರ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಕಲಿಸುವುದು ಕಠಿಣ ಪಾಠ. ದಾರಿ ನಿರ್ಧರಿಸುವುದು, ವಾಹನಗಳ ಸದ್ದು ಕೇಳಿ ‘ಮುಂದೆ’ ಎನ್ನುವುದು ಮನುಷ್ಯ. ವಾಹನ ನುಗ್ಗಿ ಬಂದರೆ ಆ ಆಜ್ಞೆ ಮೀರಿ ನಿಲ್ಲುವುದು ನಾಯಿ. ಪಟ್ಟಿ ತೊಟ್ಟ ನಾಯಿಯನ್ನು ದಯವಿಟ್ಟು ಮುಟ್ಟಬೇಡಿ, ಕರೆಯಬೇಡಿ.

ಕುರಿ ಕಾಯುವ ನಾಯಿ

ಬಾರ್ಡರ್ ಕೋಲಿ ತಳಿಯ ನಾಯಿ ಕುರಿಯನ್ನು ಸುತ್ತುವರಿಯುವುದು ತೋಳದ ಬೇಟೆಯ ಕ್ರಮದಲ್ಲೇ. ಕಚ್ಚುವ ಕೊನೆಯ ಹೆಜ್ಜೆಗೆ ಮಾತ್ರ ತಡೆ. ಮೊದಲ ಪಾಠ ‘ಮಲಗು’, ಅಂದರೆ ನಿಲ್ಲುವುದು. ಆಮೇಲೆ ಸಣ್ಣ ಬೇಲಿಯೊಳಗೆ ನಾಯಿಗೆ ಹೆದರಿ ಓಡದ ಕೆಲವೇ ಕುರಿಗಳೊಂದಿಗೆ ಎಡಸುತ್ತು, ಬಲಸುತ್ತು. ತೀರಾ ಹತ್ತಿರ ನುಗ್ಗಿದರೆ ಹಿಂಡು ಚದುರುತ್ತದೆ. ಆಗ ತರಬೇತುದಾರ ನಡುವೆ ಬಂದು ನಾಯಿಯನ್ನು ದೂರಕ್ಕೆ ಸರಿಸುತ್ತಾನೆ.

ಸಾಂತ್ವನ ನಾಯಿ

ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಹೋಗುವ ಈ ನಾಯಿಗಳಲ್ಲಿ ತರಬೇತಿಗಿಂತ ಆಯ್ಕೆ ಮುಖ್ಯ. ಅಪರಿಚಿತರು ಅಪ್ಪಿಕೊಂಡರೂ, ಗಾಲಿಕುರ್ಚಿ ಸದ್ದು ಮಾಡಿದರೂ ಶಾಂತವಾಗಿರಬೇಕು. ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಪದೇಪದೇ ಆಕಳಿಸುವುದು ಒತ್ತಡದ ಸೂಚನೆ ಇರಬಹುದು. ಕಂಡೊಡನೆ ಭೇಟಿ ನಿಲ್ಲಿಸಬೇಕು. ಸಹಿಸಿಕೊಂಡು ಸುಮ್ಮನಿರುವ ನಾಯಿ ಬೇರೆ, ಖುಷಿಯಿಂದ ಹತ್ತಿರ ಬರುವ ನಾಯಿ ಬೇರೆ. ಈ ಕೆಲಸಕ್ಕೆ ಎರಡನೆಯದೇ ಬೇಕು.