ಇನ್ನೊಂದು ಚಹಾ

ಸೆಪ್ಟೆಂಬರ್ ಆಡಿಟ್ ಮುಗಿಸಿ ಅವನು ಕೊಪ್ಪಳಕ್ಕೆ ಬಂದಾಗ, ಕಣ್ಣು ಮುಚ್ಚಿದರೂ ಜಿಎಸ್‌ಟಿ ಅಂಕಿಗಳೇ ಕಾಣುತ್ತಿದ್ದವು. ಜೇಬಿನಲ್ಲಿ ಹೆಂಡತಿ ಬರೆದುಕೊಟ್ಟ ಪಟ್ಟಿ: ಕೊಪ್ಪಳ ಕೋಟೆ, 1112ರ ಇಟಗಿ ಮಹಾದೇವ ಗುಡಿ, ಅಂಜನಾದ್ರಿ, ಆನೆಗೊಂದಿ.

ಚಹಾ ಕುಡಿದು ಹೊರಡೋಣ ಅಂತ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಕೂತ. ಏಳಲೇ ಇಲ್ಲ.

ಅಂಗಡಿಯಾಕೆ ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ಪಕ್ಕದಲ್ಲಿ ಮಂಡಕ್ಕಿ ಒಗ್ಗರಣೆಯ ಘಮ. ರೈತರು ಮೆಕ್ಕೆಜೋಳದ ರೇಟು, ತುಂಗಭದ್ರಾ ಡ್ಯಾಮಿನ ನೀರಿನ ಮಾತಾಡುತ್ತಿದ್ದರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಎಷ್ಟು ದೊಡ್ಡ ಸುಖ ಅದು! ವರ್ಷವಿಡೀ ಎಲ್ಲರೂ ಅವನನ್ನು ಕೇಳುವವರೇ ಅಲ್ವಾ.

ಮರುದಿನವೂ ಅಲ್ಲೇ. ಅದರ ಮರುದಿನವೂ.

"ಸರ, ಇಟಗಿ ಬಸ್ ಬಂತ್ರಿ, ಹತ್ರಿ."

"ನಾಳೆ ಹೋಗ್ತೀನಮ್ಮ. ಇನ್ನೊಂದು ಚಹಾ ಕೊಡಿ."

ಹೊರಡುವ ದಿನ ಆಕೆ ಉದ್ರಿ ಪುಸ್ತಕ ಹಿಡಿದು ಬೆರಳೆಣಿಸುತ್ತಿದ್ದಳು. ಅವನು ಕೈ ಚಾಚಿದ. "ಕೊಡಿ, ಕೂಡಿಸ್ತೀನಿ. ನನ್ನ ಕೆಲಸವೇ ಲೆಕ್ಕ."

ಆಕೆ ಪುಸ್ತಕವನ್ನು ಹಿಂದೆಳೆದುಕೊಂಡಳು. "ಬ್ಯಾಡ್ರಿ ಸರ, ರಜಾಕ್ಕ ಬಂದೀರಿ. ಸುಮ್ನ ಕುಂದರ್ರಿ. ಮಿರ್ಚಿ ಬಿಸಿ ಅದಾವ, ತಿನ್ರಿ."