ವೆಂಡರ್ ಪಾವತಿ ಟಿಡಿಎಸ್ ಟ್ರ್ಯಾಕರ್: 2025-26, ಎರಡನೇ ತ್ರೈಮಾಸಿಕ (ಜುಲೈ–ಸೆಪ್ಟೆಂಬರ್)

ಎಲ್ಲ ಮೊತ್ತ ರೂಪಾಯಿಗಳಲ್ಲಿ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತವನ್ನೇ ನಮೂದಿಸಬೇಕು. ವಿ-02ರ ಬಿಲ್ 49,560. ಲೆಕ್ಕಕ್ಕೆ ಹಿಡಿದದ್ದು 42,000.

| ವೆಂಡರ್ | ಸೆಕ್ಷನ್ | ಮಿತಿ | ದರ | ಏಪ್ರಿಲ್‌ನಿಂದ ಒಟ್ಟು | ಮಿತಿ ದಾಟಿದ್ದು | ಈ ತ್ರೈಮಾಸಿಕದ ಟಿಡಿಎಸ್ |
|---|---|---|---|---|---|---|
| ವಿ-01 ಕೂಲಿ ಗುತ್ತಿಗೆದಾರ (ವ್ಯಕ್ತಿ) | 194ಸಿ | ಬಿಲ್ಲಿಗೆ 30,000 / ವರ್ಷಕ್ಕೆ 1,00,000 | 1% | 1,30,500 | ಆಗಸ್ಟ್ 21 | 1,305 |
| ವಿ-02 ಯಂತ್ರ ನಿರ್ವಹಣೆ (ಕಂಪನಿ) | 194ಸಿ | ಮೇಲಿನಂತೆ | 2% | 42,000 | ಜುಲೈ 9 | 840 |
| ವಿ-03 ಲೆಕ್ಕಪರಿಶೋಧಕ | 194ಜೆ | ವರ್ಷಕ್ಕೆ 50,000 | 10% | 60,000 | ಆಗಸ್ಟ್ 30 | 6,000 |
| ವಿ-04 ಗೋದಾಮು ಬಾಡಿಗೆ | 194ಐ | ತಿಂಗಳಿಗೆ 50,000 | 10% | 3,60,000 | ಏಪ್ರಿಲ್‌ | 18,000 |
| ವಿ-05 ಕಚ್ಚಾಮಾಲು | 194ಕ್ಯೂ | ವರ್ಷಕ್ಕೆ 50 ಲಕ್ಷ | 0.1% | 55,00,000 | ಸೆಪ್ಟೆಂಬರ್ 10 | 500 |
| ವಿ-06 ಲಾರಿ ಸಾಗಣೆ | 194ಸಿ | ಘೋಷಣಾಪತ್ರ ಇದೆ | 0 | 2,10,000 | – | 0 |
| ವಿ-07 ಕಮಿಷನ್, ಪ್ಯಾನ್ ಕೊಟ್ಟಿಲ್ಲ | 194ಎಚ್ | ವರ್ಷಕ್ಕೆ 20,000 | 2% ಬದಲು 20% | 24,000 | ಜುಲೈ 25 | 4,800 |

ಮಿತಿ ದಾಟಿದಾಗ

ವಿ-01ರ ಬಿಲ್‌ಗಳು: ಮೇ 28,000, ಜೂನ್ 27,500, ಜುಲೈ 26,000. ಒಂದೂ 30,000 ದಾಟಿಲ್ಲ, ಒಟ್ಟು 81,500. ಅಲ್ಲಿಯವರೆಗೆ ಪೂರ್ತಿ ಪಾವತಿ ಸರಿಯೇ. ಆಗಸ್ಟ್‌ನ 24,000 ಸೇರಿದಾಗ 1,05,500 ಆಯಿತು. ಆಗ 24,000ಕ್ಕೆ ಮಾತ್ರ 240 ಮುರಿದರೆ ತಪ್ಪು. ಹಿಂದಿನ ಬಿಲ್‌ಗಳೂ ಸೇರಿ 1,055 ಮುರಿದು 22,945 ಕೊಡಲಾಗಿದೆ. ಒಟ್ಟು 80,000 ಮುಟ್ಟಿದ ಕೂಡಲೇ ಗುತ್ತಿಗೆದಾರರಿಗೆ ಮೊದಲೇ ತಿಳಿಸಿ. ಕೂಲಿ ಬಟವಾಡೆ ಮಾಡುವವರಿಗೆ ಕೈಗೆ ಬರುವ ಹಣ ಇದ್ದಕ್ಕಿದ್ದಂತೆ ಕಡಿಮೆಯಾದರೆ ನಿಜಕ್ಕೂ ಕಷ್ಟ.

194ಕ್ಯೂ ಹಾಗಲ್ಲ. 50 ಲಕ್ಷದ ಮೇಲಿನ 5,00,000ಕ್ಕೆ ಮಾತ್ರ ಕಡಿತ.

194ಸಿ ಸೂತ್ರ (B ವೆಂಡರ್, C ಸೆಕ್ಷನ್, E ಮೊತ್ತ, F ಒಟ್ಟು, G ಟಿಡಿಎಸ್, H ದರ):

```
F2: =SUMIFS(E$2:E2,B$2:B2,B2,C$2:C2,C2)
G2: =ROUND(IF(F2>100000,F2*H2-SUMIFS(G$1:G1,B$1:B1,B2,C$1:C1,C2),IF(E2>30000,E2*H2,0)),0)
```

ಸಾಲುಗಳು ದಿನಾಂಕದ ಕ್ರಮದಲ್ಲೇ ಇರಬೇಕು. ತಡವಾಗಿ ಬಂದ ಬಿಲ್ಲನ್ನು ಕೊನೆಗೆ ಸೇರಿಸಿದರೆ ಮಿತಿ ದಾಟಿದ ದಿನವೇ ತಪ್ಪುತ್ತದೆ.

ತ್ರೈಮಾಸಿಕ ಸಾರಾಂಶ

| ತಿಂಗಳು | ಕಡಿತ | ಕೊನೆ ದಿನ | ಕಟ್ಟಿದ್ದು |
|---|---|---|---|
| ಜುಲೈ | 11,640 | ಆಗಸ್ಟ್ 7 | ಆಗಸ್ಟ್ 6 |
| ಆಗಸ್ಟ್ | 13,055 | ಸೆಪ್ಟೆಂಬರ್ 7 | ಸೆಪ್ಟೆಂಬರ್ 5ರಂದು 7,055. 10ರಂದು 6,000 |
| ಸೆಪ್ಟೆಂಬರ್ | 6,750 | ಅಕ್ಟೋಬರ್ 7 | ಅಕ್ಟೋಬರ್ 6 |
| ಒಟ್ಟು | 31,445 | | |

ತಡವಾದ 6,000 ವಿ-03ರದ್ದು. ಆಗಸ್ಟ್ 30ಕ್ಕೆ ಕಡಿತ, ಸೆಪ್ಟೆಂಬರ್ 10ಕ್ಕೆ ಚಲನ್: ಹನ್ನೊಂದೇ ದಿನವಾದರೂ ಎರಡು ಕ್ಯಾಲೆಂಡರ್ ತಿಂಗಳು ಮುಟ್ಟಿದ್ದರಿಂದ ತಿಂಗಳಿಗೆ 1.5%ರಂತೆ ಬಡ್ಡಿ 180. ಅದನ್ನೂ ಅದೇ ಚಲನ್‌ನಲ್ಲಿ ಕಟ್ಟಲಾಗಿದೆ.

26ಕ್ಯೂ ಸಲ್ಲಿಕೆಗೆ ಅಕ್ಟೋಬರ್ 31 ಕೊನೆ. ಮೀರಿದರೆ ದಿನಕ್ಕೆ 200 ಶುಲ್ಕ. ವಿ-06ಕ್ಕೆ ಕಡಿತವಿಲ್ಲ, ಆದರೂ ಪ್ಯಾನ್ ಸಮೇತ 26ಕ್ಯೂನಲ್ಲಿ ತೋರಿಸಲೇಬೇಕು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲ ಎಂಬ ಘೋಷಣಾಪತ್ರ ಫೈಲಿನಲ್ಲಿರಲಿ. ವೆಂಡರ್‌ಗಳಿಗೆ ಫಾರ್ಮ್ 16ಎ ನವೆಂಬರ್ 15ರೊಳಗೆ.